ಎದುರಾಳಿಯೇ ಇಲ್ಲದೆ ಆರ್ಬಿಟ್ರೇಷನ್ ಸೋತ ಬೋರ್ಡ್

ಸರಕು ಸಾಗಿಸುವ ಮೂರು ಚಕ್ರದ ಎಲೆಕ್ಟ್ರಿಕ್ ಗಾಡಿಗೆ ಡಿಸ್‌ಪ್ಲೇ ಮಾಡುವ ಕೆಲಸ ನನ್ನ ಕೈಗೆ ಬಂದಿತ್ತು. ಬ್ಯಾಟರಿಯ ಬೋರ್ಡ್ ಮತ್ತು ಮೋಟಾರ್ ಕಂಟ್ರೋಲರ್ ಎರಡೂ ಕ್ಯಾನ್ ಬಸ್ಸಿನಲ್ಲಿ, ಅಂದರೆ ಎಲ್ಲಾ ಬೋರ್ಡ್‌ಗಳೂ ಹಂಚಿಕೊಳ್ಳುವ ಒಂದೇ ಜೋಡಿ ತಂತಿಯಲ್ಲಿ, ಮಾತಾಡುತ್ತವೆ. ಗಾಡಿಗೆ ಕೈ ಹಾಕುವ ಮುಂಚೆ ಮೇಜಿನ ಮೇಲೆ ಒಂದು ಸಣ್ಣ ಬಸ್ ಕಟ್ಟಿದೆ. ಮೂರು ಆರ್ಡುಯಿನೋ, ಪ್ರತಿಯೊಂದಕ್ಕೂ ಅಂಗಡಿಯಲ್ಲಿ ಸಿಗುವ ನೀಲಿ MCP2515 ಕ್ಯಾನ್ ಮಾಡ್ಯೂಲ್, ಜೊತೆಗೆ ಸುಮಾರು 4 ಮೀಟರ್ ತಿರುಚಿದ ಜೋಡಿ ವೈರ್. ಆ ಮಾಡ್ಯೂಲ್‌ಗಳಲ್ಲಿ J1 ಎಂಬ ಜಂಪರ್ ಇರುತ್ತದೆ. ಹಾಕಿದರೆ 120 ಓಮ್ ರೆಸಿಸ್ಟರ್ ಎರಡು ತಂತಿಗಳ ನಡುವೆ ಸೇರುತ್ತದೆ. ನಾನು ಯಾವುದಕ್ಕೂ ಜಂಪರ್ ಹಾಕಿರಲಿಲ್ಲ.

ಜೊತೆಗೆ ಕೆಲಸ ಮಾಡುವ ಹುಡುಗ ಕೇಳಿದ: "ಅಣ್ಣಾ, ರೆಸಿಸ್ಟರ್ ಬೇಡ್ವಾ?" ನಾನು ಹೇಳಿದೆ, "ಅದು ಉದ್ದ ವೈರಿನ ಕೊನೆಯಲ್ಲಿ ಸಿಗ್ನಲ್ ವಾಪಸ್ ಬರಬಾರದು ಅಂತ ಹಾಕೋದು. ನಾಲ್ಕು ಮೀಟರ್‌ಗೆ ಯಾಕೆ?" ಆಗ ನನಗೆ ಗೊತ್ತಿದ್ದದ್ದು ಅಷ್ಟೇ.

50 ಕಿಲೋಬಿಟ್ ವೇಗದಲ್ಲಿ ಎಲ್ಲಾ ಸರಿಯಾಗಿ ನಡೆಯಿತು. 125 ಕಿಲೋಬಿಟ್‌ಗೆ ಏರಿಸಿದಾಗ ಕೆಲವು ಸಂದೇಶ ಬಂದವು, ಕೆಲವು ಬರಲಿಲ್ಲ. ಗಾಡಿಯ ವೇಗ 250 ಕಿಲೋಬಿಟ್. ಅಲ್ಲಿ ಒಂದೂ ಬರಲಿಲ್ಲ. ಕ್ರಿಸ್ಟಲ್ ಬೇರೆ ಇರಬಹುದು ಅಂತ ನೋಡಿದೆ, 8 ಮೆಗಾಹರ್ಟ್ಸ್ ಸರಿಯಾಗೇ ಇತ್ತು. ಕೊನೆಗೆ ಕಳಿಸುವ ಚಿಪ್‌ನ ಸ್ಥಿತಿಯನ್ನೇ ಓದೋಣ ಅಂದುಕೊಂಡೆ. TXB0CTRL ರಿಜಿಸ್ಟರಿನ ವಿಳಾಸ 0x30.

```
digitalWrite(CS, LOW);
SPI.transfer(0x03);   // READ
SPI.transfer(0x30);   // TXB0CTRL
byte t = SPI.transfer(0x00);
digitalWrite(CS, HIGH);
Serial.println(t, HEX);
```

ಬಂದ ಉತ್ತರ 28. ಅಂದರೆ TXREQ ಮತ್ತು MLOA ಬಿಟ್‌ಗಳು ಎದ್ದಿವೆ. ಸಂದೇಶ ಇನ್ನೂ ಕಾಯುತ್ತಿದೆ, ಮತ್ತು ಅದು ಆರ್ಬಿಟ್ರೇಷನ್‌ನಲ್ಲಿ, ಅಂದರೆ ಒಟ್ಟಿಗೆ ಮಾತು ಶುರು ಮಾಡಿದವರಲ್ಲಿ ಯಾರು ಮುಂದುವರಿಯಬೇಕು ಅನ್ನುವ ಪೈಪೋಟಿಯಲ್ಲಿ, ಸೋತಿದೆ. ಆದರೆ ಕಳಿಸುತ್ತಿದ್ದದ್ದು ಆ ಬೋರ್ಡ್ ಒಂದೇ. ಉಳಿದ ಎರಡು ಬರೀ ಕೇಳುತ್ತಿದ್ದವು. ಯಾರ ಮುಂದೆ ಸೋತಿತು?

ಇದಕ್ಕೆ ಉತ್ತರ ಬೇಕಾದರೆ ಸಂದೇಶವನ್ನು ಹೊತ್ತೊಯ್ಯುವ ಫ್ರೇಮಿನ ಆರಂಭವನ್ನು ನೋಡಬೇಕು. ಬಸ್ ಖಾಲಿ ಇದ್ದಾಗ ಎರಡೂ ತಂತಿ ಸುಮಾರು 2.5 ವೋಲ್ಟ್‌ನಲ್ಲಿ ಇರುತ್ತವೆ, ನಡುವೆ ವ್ಯತ್ಯಾಸ ಇಲ್ಲ. ಇದು ರಿಸೆಸಿವ್, ಅಂದರೆ 1. 0 ಕಳಿಸುವಾಗ ಚಿಪ್ ಒಂದು ತಂತಿಯನ್ನು 3.5ರ ಹತ್ತಿರಕ್ಕೆ ಎಳೆಯುತ್ತದೆ, ಇನ್ನೊಂದನ್ನು 1.5ರ ಹತ್ತಿರಕ್ಕೆ ಇಳಿಸುತ್ತದೆ. 2 ವೋಲ್ಟ್ ವ್ಯತ್ಯಾಸದ ಈ ಸ್ಥಿತಿ ಡಾಮಿನೆಂಟ್. ಫ್ರೇಮ್ ಶುರುವಾಗುವುದು ಒಂದು ಡಾಮಿನೆಂಟ್ ಬಿಟ್‌ನಿಂದ. ಆಮೇಲೆ 11 ಬಿಟ್ ಐಡಿ, ದೊಡ್ಡ ಬಿಟ್ ಮೊದಲು. ಅದಾದ ಮೇಲೆ ಕೆಲವು ಕಂಟ್ರೋಲ್ ಬಿಟ್, 8 ಬೈಟ್‌ವರೆಗೆ ಡೇಟಾ, ತಪ್ಪು ಪತ್ತೆ ಹಚ್ಚಲು 15 ಬಿಟ್‌ನ ಸಿಆರ್‌ಸಿ, ಮತ್ತು ಕೇಳಿಸಿಕೊಂಡವರು 0 ಒತ್ತಿ "ಬಂತು" ಅನ್ನುವ ಜಾಗ.

ಆರ್ಬಿಟ್ರೇಷನ್ ನಡೆಯುವುದು ಐಡಿ ಹೋಗುವಾಗ. ಬ್ಯಾಟರಿ ಬೋರ್ಡಿನ ಐಡಿ 0x101, ಕಂಟ್ರೋಲರಿನದು 0x201 ಅಂತ ಇಟ್ಟುಕೊಳ್ಳಿ. ಬಿಟ್‌ಗಳಲ್ಲಿ ಬರೆದರೆ ಹೀಗೆ:

```
0x101 = 0 0 1 0 0 0 0 0 0 0 1
0x201 = 0 1 0 0 0 0 0 0 0 0 1
```

ಎರಡೂ ಒಟ್ಟಿಗೆ ಶುರು ಮಾಡಿದರೆ ಮೊದಲ ಬಿಟ್ ಒಂದೇ. ಎರಡನೆಯದರಲ್ಲಿ ಕಂಟ್ರೋಲರ್ 1 ಅಂತ ತಂತಿಯನ್ನು ಬಿಟ್ಟುಕೊಡುತ್ತದೆ, ಬ್ಯಾಟರಿ 0 ಅಂತ ಎಳೆಯುತ್ತದೆ. ಪ್ರತಿ ಬೋರ್ಡೂ ತಾನು ಕಳಿಸಿದ್ದನ್ನು ತಾನೇ ಓದುತ್ತಾ ಇರುತ್ತದೆ. ತಾನು 1 ಕಳಿಸಿದ ಜಾಗದಲ್ಲಿ 0 ಕಂಡ ಕೂಡಲೇ ಕಂಟ್ರೋಲರ್ ಸುಮ್ಮನಾಗಿ ಕೇಳಲು ಕೂರುತ್ತದೆ. ಬ್ಯಾಟರಿಯ ಫ್ರೇಮಿಗೆ ಏನೂ ಆಗಲಿಲ್ಲ, ಒಂದು ಬಿಟ್‌ನಷ್ಟು ಸಮಯವೂ ಹಾಳಾಗಲಿಲ್ಲ. ನನಗೆ ಈ ವ್ಯವಸ್ಥೆಯಲ್ಲಿ ತುಂಬಾ ಇಷ್ಟವಾದದ್ದು ಇದೇ.

"ತಂತಿಯನ್ನು ಬಿಟ್ಟುಕೊಡುತ್ತದೆ" ಅಂದೆನಲ್ಲ, ಕೀಲಿ ಇರುವುದು ಅಲ್ಲಿ. 1 ಕಳಿಸುವಾಗ ಚಿಪ್ ಏನನ್ನೂ ಎಳೆಯುವುದಿಲ್ಲ. ಎಳೆದರೆ ಇನ್ನೊಬ್ಬರ 0 ಗೆಲ್ಲೋಕಾಗಲ್ಲ. ಹಾಗಾದರೆ 2 ವೋಲ್ಟ್‌ನಲ್ಲಿ ನಿಂತ ತಂತಿಗಳನ್ನು ಮತ್ತೆ ಒಂದೇ ಮಟ್ಟಕ್ಕೆ ತರುವವರು ಯಾರು? ಎರಡು ತಂತಿಗಳ ನಡುವಿನ ರೆಸಿಸ್ಟರ್. ತಂತಿ ಜೋಡಿ ಒಂದು ಸಣ್ಣ ಕೆಪಾಸಿಟರ್ ಇದ್ದ ಹಾಗೆ. ಅದರಲ್ಲಿ ತುಂಬಿದ ಚಾರ್ಜ್ ಹೊರಗೆ ಹೋಗಲು ದಾರಿ ಬೇಕು.

ನನ್ನ ಮೇಜಿನ ಲೆಕ್ಕ ಹಾಕಿದೆ. 4 ಮೀಟರ್ ವೈರ್ ಮತ್ತು ಮೂರು ಮಾಡ್ಯೂಲ್ ಸೇರಿ ಅಂದಾಜು 300 ಪಿಕೋಫ್ಯಾರಡ್. ಎರಡು 120 ಓಮ್ ಸಮಾಂತರವಾಗಿ ಇದ್ದರೆ 60 ಓಮ್, ಟೈಮ್ ಕಾನ್‌ಸ್ಟೆಂಟ್ 18 ನ್ಯಾನೋ ಸೆಕೆಂಡ್. ರೆಸಿಸ್ಟರ್ ಇಲ್ಲದಿದ್ದರೆ ಚಾರ್ಜ್ ಚಿಪ್‌ಗಳ ಒಳಗಿನ ಇನ್‌ಪುಟ್ ರೆಸಿಸ್ಟೆನ್ಸ್ ಮೂಲಕವೇ ಹೋಗಬೇಕು. ಅದು ಒಂದೊಂದಕ್ಕೆ 50 ಕಿಲೋ ಓಮ್ ಅಂದುಕೊಂಡರೆ ಮೂರೂ ಸೇರಿ 17 ಕಿಲೋ ಓಮ್. ಆಗ ಟೈಮ್ ಕಾನ್‌ಸ್ಟೆಂಟ್ 5 ಮೈಕ್ರೋ ಸೆಕೆಂಡ್!

250 ಕಿಲೋಬಿಟ್‌ನಲ್ಲಿ ಒಂದು ಬಿಟ್ 4 ಮೈಕ್ರೋ ಸೆಕೆಂಡ್. ಮುಕ್ಕಾಲು ಭಾಗ ಕಳೆದಾಗ, ಅಂದರೆ 3ನೇ ಮೈಕ್ರೋ ಸೆಕೆಂಡ್‌ನಲ್ಲಿ, ಚಿಪ್ ಓದುತ್ತದೆ. ಆಗ ತಂತಿಯಲ್ಲಿ ಇನ್ನೂ 1.1 ವೋಲ್ಟ್ ಇರುತ್ತದೆ. 0.9ಕ್ಕಿಂತ ಜಾಸ್ತಿ ಇದ್ದರೆ ಅದು ಡಾಮಿನೆಂಟ್. 125 ಕಿಲೋಬಿಟ್‌ನಲ್ಲಿ ಓದುವ ಹೊತ್ತಿಗೆ 0.6 ವೋಲ್ಟ್ ಉಳಿದಿರುತ್ತದೆ. ಅದು 0.5 ಮತ್ತು 0.9ರ ನಡುವಿನ, ಯಾವ ಕಡೆಗೂ ಖಾತ್ರಿ ಇಲ್ಲದ ಜಾಗ. 50 ಕಿಲೋಬಿಟ್‌ನಲ್ಲಿ 0.1 ವೋಲ್ಟ್, ಅಂದರೆ ನಿಜವಾದ 1. ನಾನು ಕಂಡದ್ದಕ್ಕೆ ಮೂರೂ ತಾಳೆಯಾದವು.

ಆಸಿಲೋಸ್ಕೋಪ್ ಹಚ್ಚಿದಾಗ ಅದೇ ಕಾಣಿಸಿತು. ಮೂರು ಬಿಟ್‌ನಷ್ಟು ಎತ್ತರದ ಗೆರೆ, ಆಮೇಲೆ ಹಠಾತ್ ಇಳಿಯುವ ಬದಲು ಗುಡ್ಡದಂತೆ ನಿಧಾನವಾಗಿ ಜಾರುತ್ತಿತ್ತು. 0x101ರ ಮೂರನೇ ಬಿಟ್ 1. ಬೋರ್ಡ್ ಅದನ್ನು ಕಳಿಸಿತು, ತನ್ನದೇ ಹಿಂದಿನ ಸೊನ್ನೆಯ ಉಳಿಕೆಯನ್ನು ಓದಿತು, ಬೇರೆ ಯಾರೋ ಮುಖ್ಯರಾದವರು ಮಾತಾಡುತ್ತಿದ್ದಾರೆ ಅಂತ ಸುಮ್ಮನಾಯಿತು. ಆಮೇಲೆ ಯಾರೂ ಮಾತಾಡಲಿಲ್ಲ. ಫ್ರೇಮಿನ ನಡುವೆ ಒಂದೇ ಬೆಲೆಯ 6 ಬಿಟ್ ಸಾಲಾಗಿ ಬರುವ ಹಾಗಿಲ್ಲ. 5 ಆದ ಕೂಡಲೇ ಕಳಿಸುವವರು ಉಲ್ಟಾ ಬಿಟ್ ಒಂದನ್ನು ತುರುಕಬೇಕು. ಇಲ್ಲಿ ಸತತ ಆರು 1 ಬಂದಾಗ ಎಲ್ಲಾ ಬೋರ್ಡ್‌ಗಳೂ ತಪ್ಪು ಅಂತ ಕೂಗಿದವು. ಆ ಹೊತ್ತಿಗೆ ನನ್ನ ಬೋರ್ಡ್ ಕೇಳುಗನಾಗಿತ್ತು. ಹಾಗಾಗಿ ಕೇಳುವಾಗಿನ ತಪ್ಪು ಎಣಿಸುವ REC ಏರುತ್ತಿತ್ತು, ಕಳಿಸುವಾಗಿನ ತಪ್ಪು ಎಣಿಸುವ TEC ಸೊನ್ನೆಯಲ್ಲೇ ಇತ್ತು.

ಗುರುತಿಗೆ ಇದನ್ನು ಇಟ್ಟುಕೊಳ್ಳಿ. ಕೇಳುವವರೇ ಇಲ್ಲದೆ "ಬಂತು" ಸಿಗದಿದ್ದರೆ TXB0CTRL 18 ತೋರಿಸುತ್ತದೆ, TXERR ಎದ್ದಿರುತ್ತದೆ. ಕಳಿಸುವ ಬೋರ್ಡ್ ಒಂದೇ ಇದ್ದೂ 28 ಬಂದರೆ ಮೊದಲು ರೆಸಿಸ್ಟರ್ ನೋಡಿ.

ಎರಡು ತುದಿಯ ಮಾಡ್ಯೂಲ್‌ಗಳಿಗೆ J1 ಹಾಕಿದೆ. 250ರಲ್ಲಿ ಸಂದೇಶಗಳು ಒಂದೂ ತಪ್ಪದೆ ಬಂದವು. ಸಿಗ್ನಲ್ ವಾಪಸ್ ಬರುವ ಮಾತು ಸುಳ್ಳೇನಲ್ಲ. 4 ಮೀಟರ್ ಹೋಗಿ ಬರಲು ಸುಮಾರು 40 ನ್ಯಾನೋ ಸೆಕೆಂಡ್ ಸಾಕು, ಈ ವೇಗಕ್ಕೆ ಅದು ತೊಂದರೆ ಕೊಡಲ್ಲ. ಉದ್ದ ಬಸ್ಸಿನಲ್ಲಿ, 1 ಮೆಗಾಬಿಟ್‌ನಲ್ಲಿ ಕೊಡುತ್ತದೆ. ಅದಕ್ಕೇ ಒಂದು 60 ಓಮ್ ಮಧ್ಯದಲ್ಲಿ ಹಾಕದೆ, ವೈರಿನ ಇಂಪಿಡೆನ್ಸ್‌ಗೆ ಹೊಂದುವ 120 ಓಮನ್ನು ಎರಡು ತುದಿಗಳಲ್ಲಿ ಇಡುವುದು. ಮೇಜಿನ ಮೇಲಾದರೆ ಒಂದೇ 60 ಓಮ್ ಸಹ ಕೆಲಸ ಮಾಡುತ್ತದೆ.

ಗಾಡಿಗೆ ಡಿಸ್‌ಪ್ಲೇ ಜೋಡಿಸಿದ ದಿನ ಪವರ್ ಪೂರ್ತಿ ತೆಗೆದು, ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟೆವು. 60 ಬಂದರೆ ಸರಿ, 120 ಬಂದರೆ ಒಂದು ತುದಿಯದ್ದು ಇಲ್ಲ. ನಮಗೆ 40 ಬಂತು. "ಮೂರು ಇದೆ ಅಣ್ಣಾ," ಅಂದ ಹುಡುಗ. ಬ್ಯಾಟರಿ ಬೋರ್ಡ್ ಮತ್ತು ಕಂಟ್ರೋಲರಿನ ಒಳಗೇ ಒಂದೊಂದು ಇದ್ದವು, ಮಧ್ಯದಲ್ಲಿದ್ದ ನಮ್ಮ ಡಿಸ್‌ಪ್ಲೇಯಲ್ಲಿ ಮೇಜಿನ ಜಂಪರ್ ಹಾಗೇ ಉಳಿದಿತ್ತು. ಅವನೇ ಅದನ್ನು ಕಿತ್ತು ಮತ್ತೆ ಅಳೆದ. 60.