ಗಂಟಲಿನ ಮೀನಿನ ಮುಳ್ಳು: ಕುರ್ಚಿಯಲ್ಲೇ ಕೂರಿಸಿ ತೆಗೆಯುವ ನನ್ನ ಕ್ರಮ

ನಾಲಿಗೆಯ ಬುಡದಲ್ಲಿ ಸಿಕ್ಕಿದ ಮುಳ್ಳನ್ನು ಮಂಪರು ಕೊಡದೆ, ಆಪರೇಷನ್ ಥಿಯೇಟರಿಗೆ ಒಯ್ಯದೆ, ಕ್ಲಿನಿಕ್ಕಿನ ಕುರ್ಚಿಯಲ್ಲೇ ತೆಗೆಯಬಹುದು ಎಂದಾಗ ನನ್ನ ಜೊತೆಯ ಗಂಟಲು ವೈದ್ಯರೇ ಒಪ್ಪಲಿಲ್ಲ. "ಟಾನ್ಸಿಲಿನದ್ದಾದರೆ ಯಾರು ಬೇಕಾದರೂ ತೆಗೆದಾರು ಮಾರಾಯ, ಅದರ ಹಿಂದಿನದ್ದಕ್ಕೆ ಕೈ ಹಾಕಬೇಡ. ಓಕರಿಸ್ತಾರೆ, ಮುಳ್ಳು ಕೆಳಗೆ ಜಾರ್ತದೆ, ಆಮೇಲೆ ನಿನ್ನ ತಲೆಗೆ ಬರ್ತದೆ" ಎಂದವರೇ ಹೆಚ್ಚು. ಈಗ ಅವರಲ್ಲೇ ಇಬ್ಬರು ತಮ್ಮ ರೋಗಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ನಮ್ಮದು ಕರಾವಳಿಯ ಸಣ್ಣ ಪೇಟೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಮುಳ್ಳಿನ ಕೇಸು ಕಡಿಮೆ. ಆಗಸ್ಟಿನಲ್ಲಿ ಬಂಗುಡೆ, ಬೂತಾಯಿ ಬುಟ್ಟಿಗೆ ಬಿದ್ದ ಕೂಡಲೇ ನನ್ನ ಸಂಜೆಯ ಸಾಲು ಉದ್ದವಾಗುತ್ತದೆ. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಗಂಟಲಲ್ಲಿ ಮುಳ್ಳೇ ಇರುವುದಿಲ್ಲ. ಅದು ಗೀರಿ ಹೊಟ್ಟೆಗೆ ಹೋಗಿರುತ್ತದೆ, ಗೀರು ಮಾತ್ರ ಚುಚ್ಚುತ್ತಿರುತ್ತದೆ. ಇದ್ದವರಲ್ಲಿ ಹತ್ತಕ್ಕೆ ಏಳೆಂಟು ಮಂದಿಯದ್ದು ಟಾನ್ಸಿಲ್, ನಾಲಿಗೆಯ ಬುಡ ಅಥವಾ ಅದರ ಹಿಂದಿನ ಗುಳಿಯಲ್ಲಿ ಇರುತ್ತದೆ. ಈ ಮೂರೂ ಜಾಗ ಬಾಯಿಯ ಮೂಲಕ ಕೈಗೆಟುಕುವಂಥವು. ಎಟುಕುವ ಜಾಗದ ಮುಳ್ಳಿಗೆ ಇಪ್ಪತ್ತೈದು ಮೂವತ್ತು ಸಾವಿರದ ಥಿಯೇಟರ್ ಬಿಲ್ಲು ಯಾಕೆ ಎಂಬುದೇ ನನ್ನನ್ನು ಈ ಕೆಲಸಕ್ಕೆ ಹಚ್ಚಿದ ಪ್ರಶ್ನೆ.

ಮೊದಲ ವರ್ಷ ಪೂರ್ತಿ ಸೋಲೇ. ಕನ್ನಡಿ ಹಿಡಿದರೆ ಉಸಿರಿನ ಹಬೆ ಕಟ್ಟುತ್ತಿತ್ತು. ಬಿಸಿ ಮಾಡಿ ಹಿಡಿದರೆ ಕಾಣುತ್ತಿತ್ತು, ಆದರೆ ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ರೋಗಿಯ ನಾಲಿಗೆ, ಫೋರ್ಸೆಪ್ಸ್ ಹಿಡಿಯಲು ಮೂರನೇ ಕೈ ಇಲ್ಲ. ನೇರ ಫೋರ್ಸೆಪ್ಸ್ ನಾಲಿಗೆಯ ಬುಡದ ತಿರುವಿಗೆ ಹೋಗುವುದೇ ಇಲ್ಲ. ಒಂದೂವರೆ ಸಾವಿರಕ್ಕೆ ಪೈಪು ನೋಡುವ ಮೊಬೈಲ್ ಕ್ಯಾಮೆರಾ ತರಿಸಿದೆ. ನನ್ನದೇ ಬಾಯಿಗೆ ಹಿಡಿದು ನೋಡಿದೆ, ಚಿತ್ರ ಮಸುಕು, ಶುದ್ಧ ಮಾಡುವ ದಾರಿಯೂ ಇಲ್ಲ. ಅದನ್ನು ರೋಗಿಯ ಹತ್ತಿರ ತರಲಿಲ್ಲ.

ಕೊನೆಗೆ ದುಡ್ಡು ಸುರಿದದ್ದು ಮೂರಕ್ಕೆ. ಒಳ್ಳೆಯ ಹೆಡ್‌ಲೈಟ್, ಆರೇಳು ಸಾವಿರ. ಧ್ವನಿಪೆಟ್ಟಿಗೆಗೆ ಬಳಸುವ ಬಾಗಿದ ಫೋರ್ಸೆಪ್ಸ್, ಐದು ಸಾವಿರದ ಹತ್ತಿರ. ಮೂಗಿನಿಂದ ಇಳಿಸುವ, ಸಣ್ಣ ಪರದೆಯಿರುವ ಮೆತ್ತನೆಯ ಸ್ಕೋಪ್, ಒಂದೂವರೆ ಲಕ್ಷದ ಆಸುಪಾಸು. ಮನೆಯಲ್ಲಿ ಸ್ಕೋಪಿನ ಬಗ್ಗೆ ಜಗಳವೇ ಆಯಿತು. ಎರಡು ಮೀನಿನ ಸೀಸನ್ನಿನಲ್ಲಿ ಅದರ ದುಡ್ಡು ಹುಟ್ಟಿತು, ಅದೂ ನಾನು ಒಬ್ಬರಿಂದ ತೆಗೆದುಕೊಳ್ಳುವುದು ಥಿಯೇಟರ್ ಬಿಲ್ಲಿನ ಹತ್ತನೇ ಒಂದು ಪಾಲು ಎಂಬ ಲೆಕ್ಕದಲ್ಲಿ.

ಕ್ರಮ ಹೇಳುತ್ತೇನೆ. ಸ್ಪ್ರೇ ಮುಟ್ಟುವ ಮೊದಲೇ ರೋಗಿಯ ಹತ್ತಿರ ಎಂಜಲು ನುಂಗಿಸಿ, "ಒಂದೇ ಬೆರಳಲ್ಲಿ ತೋರಿಸಿ" ಎನ್ನಬೇಕು. ಮರಗಟ್ಟಿಸಿದ ಮೇಲೆ ಆ ಗುರುತು ಹೋಗಿಬಿಡುತ್ತದೆ. ಗಂಟಲಮಣಿಗಿಂತ ಮೇಲೆ, ಒಂದೇ ಪಕ್ಕ, ಪ್ರತಿ ಸಲ ಅದೇ ಜಾಗ ತೋರಿಸಿದರೆ ಅವರು ಹೇಳಿದ ಕಡೆಯೇ ಹುಡುಕಬೇಕು. ಕುತ್ತಿಗೆಯ ಕೆಳಗೆ, ನಡುವಿನಲ್ಲಿ, ಅಂಗೈಯಗಲ ಜಾಗ ತೋರಿಸುವವರ ಬೆರಳನ್ನು ನಂಬಬಾರದು. ಅನ್ನನಾಳದ ನೋವು ಎಲ್ಲೆಲ್ಲೋ ಕಾಣಿಸಿಕೊಳ್ಳುತ್ತದೆ.

ಆಮೇಲೆ ಟಾನ್ಸಿಲ್. ಮುಳ್ಳು ಹೆಚ್ಚಾಗಿ ಅಡ್ಡ ಮಲಗಿರುವುದಿಲ್ಲ, ಒಳಗೆ ನಾಟಿ ತುದಿ ಮಾತ್ರ ಹೊರಗಿರುತ್ತದೆ, ಎಂಜಲಿನ ಎಳೆಯ ಹಾಗೇ ಕಾಣುತ್ತದೆ. ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿದರೆ ಎಂಜಲು ಬರುತ್ತದೆ, ಮುಳ್ಳು ನಿಲ್ಲುತ್ತದೆ. ಕಾಣದಿದ್ದರೆ ಗ್ಲೌಸ್ ಹಾಕಿದ ಬೆರಳಲ್ಲಿ ಟಾನ್ಸಿಲ್ ಸವರುತ್ತೇನೆ. ಕಣ್ಣಿಗೆ ಸಿಗದ ಎಷ್ಟೋ ಮುಳ್ಳು ಬೆರಳಿಗೆ ಸಿಕ್ಕಿದೆ. ಅಲ್ಲಿ ಇಲ್ಲವಾದರೆ 10 ಶೇಕಡಾ ಲಿಗ್ನೋಕೇನ್ ಸ್ಪ್ರೇ. ಒಂದು ಪಫ್ಫಿಗೆ 10 ಮಿ.ಗ್ರಾಂ, ದೊಡ್ಡವರಿಗೆ ನಾಲ್ಕೈದು ಪಫ್ ಸಾಕು. ಐದು ನಿಮಿಷ ಕಾಯಬೇಕು. ಅವಸರ ಮಾಡಿದವರ ಕೈಯಲ್ಲೇ ರೋಗಿ ಓಕರಿಸುವುದು.

ನಂತರದ ಬದಲಾವಣೆಯೇ ನನ್ನ ಕೆಲಸವನ್ನು ಕೈಗೂಡಿಸಿದ್ದು: ನಾಲಿಗೆಯನ್ನು ರೋಗಿಯ ಕೈಗೇ ಕೊಡುವುದು. ಗಾಜ್ ಬಟ್ಟೆಯಲ್ಲಿ ಹಿಡಿದು ಅವರೇ ಮುಂದೆ ಎಳೆದುಕೊಂಡರೆ ಹೆದರಿಕೆ ಅರ್ಧ ಇಳಿಯುತ್ತದೆ, ನನಗೆ ಒಂದು ಕೈ ಉಳಿಯುತ್ತದೆ. ನರ್ಸ್ ಮೂಗಿನ ಸ್ಕೋಪ್ ಹಿಡಿದು ಪರದೆ ತೋರಿಸುತ್ತಾರೆ, ನಾನು ಬಾಯಿಯಿಂದ ಬಾಗಿದ ಫೋರ್ಸೆಪ್ಸ್ ಇಳಿಸುತ್ತೇನೆ. ಫೋರ್ಸೆಪ್ಸ್ ನಾಲಿಗೆಯ ಬೆನ್ನಿಗೆ ತಾಗುವ ಗಳಿಗೆಯಲ್ಲಿ ಓಕರಿಕೆ ತಡೆಯಲು ಇನ್ನೊಂದು ಉಪಾಯ ಉಂಟು. ಅದನ್ನು ಬರೆದು ಕಲಿಸಲು ಬರುವುದಿಲ್ಲ. ಕಲಿಯುವ ಮನಸ್ಸಿದ್ದವರು ಒಂದು ಸಂಜೆ ಬಂದು ಪಕ್ಕದಲ್ಲಿ ನಿಂತು ನೋಡಿ.

ಒಂದು ಕೇಸು ಹೇಳಿದರೆ ಸ್ಪಷ್ಟವಾಗುತ್ತದೆ. ಐವತ್ತು ದಾಟಿದ ಅಮ್ಮ, ಮೇಲಿನ ಹಲ್ಲಿನ ಸೆಟ್ ಹಾಕಿಕೊಳ್ಳುವವರು. ಸೆಟ್ ಅಂಗುಳನ್ನು ಮುಚ್ಚುವುದರಿಂದ ಇಂಥವರಿಗೆ ಬಾಯಲ್ಲಿ ಮುಳ್ಳು ಇರುವುದೇ ತಿಳಿಯುವುದಿಲ್ಲ. ರಾತ್ರಿ ಬಂಗುಡೆ ಸಾರು ಉಂಡಿದ್ದರು. ಚುಚ್ಚಿದ ಕೂಡಲೇ ಮನೆಯವರು ಅನ್ನದ ಉಂಡೆ ನುಂಗಿಸಿದರು, ಮೇಲೆ ಎರಡು ಬಾಳೆಹಣ್ಣು, ಅದೂ ಸಾಲದೆಂದು ಸೊಸೆ ಬೆರಳು ಹಾಕಿ ತಡಕಿದಳು. ಬೆಳಿಗ್ಗೆ ಬೇರೊಂದು ಕಡೆ ಎಕ್ಸ್-ರೇ ತೆಗೆದು "ಏನೂ ಇಲ್ಲ" ಎಂದಿದ್ದರು. ಬಂಗುಡೆಯ ಮುಳ್ಳು ಎಕ್ಸ್-ರೇಯಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ, ಹಾಗಾಗಿ ಆ ಚಿತ್ರ ಸರಿ ಇದ್ದದ್ದಕ್ಕೆ ಬೆಲೆ ಇಲ್ಲ.

"ಡಾಕ್ಟ್ರೇ, ಇಲ್ಲೇ, ಎಂಜಲು ನುಂಗಿದ್ರೆ ಚುಚ್ತದೆ" ಎಂದು ಬಲಗಡೆ ದವಡೆಯ ಕೆಳಗೆ ಬೆರಳಿಟ್ಟರು. ಮತ್ತೆ ಕೇಳಿದೆ, ಅದೇ ಜಾಗ. ಟಾನ್ಸಿಲ್ ಸ್ವಚ್ಛ. ಬೆರಳು ಹಾಕಿದ್ದರಿಂದ ಕಿರುನಾಲಿಗೆ ಊದಿ ಕೆಂಪಾಗಿತ್ತು. ಗಂಟಲಿಗೆ ಸ್ಪ್ರೇ ಹೊಡೆಯುವ ಮೊದಲೇ ಸ್ಕೋಪ್ ಇಳಿಸಿದರೆ ನಾಲಿಗೆಯ ಬುಡದ ಹಿಂದಿನ ಗುಳಿಯಲ್ಲಿ ಎಂಜಲು ನಿಂತಿದೆ, ಬೇರೆ ಏನೂ ಕಾಣುವುದಿಲ್ಲ. "ಒಂದು ಗುಟುಕು ನೀರು ಕುಡಿದು ನಾಲಿಗೆ ಪೂರ್ತಿ ಹೊರಗೆ ಹಾಕಿ ಅಮ್ಮ" ಎಂದೆ. ಎಂಜಲು ತೊಳೆದು ಹೋಯಿತು, ಬಲಗಡೆ ಬಿಳಿ ತುದಿ ಎದ್ದು ನಿಂತಿತು. ಆಮೇಲೆ ಸ್ಪ್ರೇ ಹೊಡೆದು ಕಾದು, ಮುಳ್ಳಿನ ಬುಡದ ಹತ್ತಿರ ಹಿಡಿದು, ನಾಟಿದ ದಿಕ್ಕಿನಲ್ಲೇ ಹಿಂದಕ್ಕೆ ಎಳೆದೆ. ತುದಿ ಹಿಡಿದು ಎಳೆದರೆ ಮುರಿಯುತ್ತದೆ. ಎರಡು ಸೆಂಟಿಮೀಟರಿನಷ್ಟು ಉದ್ದವಿತ್ತು. ಕೂಡಲೇ ಸ್ಕೋಪಿನಲ್ಲಿ ಮತ್ತೆ ನೋಡಿದೆ, ಏಕೆಂದರೆ ಒಂದರ ಪಕ್ಕ ಇನ್ನೊಂದು ಇರುವುದುಂಟು. ಮರಗಟ್ಟಿದ ಗಂಟಲಿಗೆ ನೀರು ಸಹ ಉಸಿರುನಾಳಕ್ಕೆ ಜಾರಬಹುದು, ಹಾಗಾಗಿ ಒಂದು ಗಂಟೆ ಏನೂ ಕೊಡಲಿಲ್ಲ. ಮುಳ್ಳು ತೆಗೆದ ಮೇಲೂ ಒಂದೆರಡು ದಿನ ಅದೇ ಜಾಗ ಚುಚ್ಚುತ್ತದೆ ಎಂದು ಮೊದಲೇ ಹೇಳಿ ಕಳಿಸಿದೆ. ಹೇಳದಿದ್ದರೆ "ಇನ್ನೂ ಉಂಟು" ಎಂದು ರಾತ್ರಿಯೇ ಫೋನು ಬರುತ್ತದೆ.

ಅನ್ನದ ಉಂಡೆ, ಬಾಳೆಹಣ್ಣು, ಬ್ರೆಡ್ಡಿನ ಬಗ್ಗೆ ನನ್ನ ಸಿಟ್ಟು ದೊಡ್ಡದು. ಸಣ್ಣ ಮುಳ್ಳಾದರೆ ಕೆಲವೊಮ್ಮೆ ಹೋಗುತ್ತದೆ, ಅದಕ್ಕೇ ಜನ ನಂಬುತ್ತಾರೆ. ನಾಟಿದ ಮುಳ್ಳಾದರೆ ಸುತ್ತಿಗೆಯಿಂದ ಮೊಳೆ ಹೊಡೆದ ಹಾಗೆ ಇನ್ನೂ ಒಳಗೆ ಹೋಗುತ್ತದೆ, ಅಥವಾ ಎಟುಕುವ ಜಾಗದಿಂದ ಎಟುಕದ ಅನ್ನನಾಳಕ್ಕೆ ಇಳಿಯುತ್ತದೆ. ಮತ್ತೂ ಒಂದು ತೊಂದರೆ: ಮಂಪರು ಬೇಕಾಗಿ ಬಂದರೆ ಹೊಟ್ಟೆ ತುಂಬಿದವರಿಗೆ ಕೊಡಲು ಆಗದು, ಆರು ಗಂಟೆ ಕಾಯಬೇಕಾಗುತ್ತದೆ.

ವಿನೆಗರ್, ಲಿಂಬೆ ರಸದಿಂದ ಮುಳ್ಳು ಕರಗುತ್ತದೆ ಎನ್ನುವವರಿಗಾಗಿ ಒಮ್ಮೆ ನಾನೇ ಪರೀಕ್ಷೆ ಮಾಡಿದೆ. ವಿನೆಗರ್, ಲಿಂಬೆ ರಸ, ಪುನರ್ಪುಳಿ, ಕೋಲಾ, ಬರೀ ನೀರು, ಹೀಗೆ ಸ್ಟೀಲ್ ಲೋಟಗಳಲ್ಲಿ ಬಂಗುಡೆ ಮುಳ್ಳು ಹಾಕಿಟ್ಟೆ. ಅರ್ಧ ಗಂಟೆ ಕಳೆದರೂ ಯಾವುದರಲ್ಲೂ ಬೆರಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ವಿನೆಗರಿನ ಸಪೂರ ಮುಳ್ಳು ಸ್ವಲ್ಪ ಬಾಗುತ್ತಿತ್ತು. ಗಂಟಲಲ್ಲಿ ವಿನೆಗರ್ ನಿಲ್ಲುವುದು ಒಂದೆರಡು ಸೆಕೆಂಡು, ಗಾಯಕ್ಕೆ ಉರಿ ಮಾತ್ರ ಲಾಭ. ಕೋಲಾದ ಮಾತು ಬೇರೆ. ಅದನ್ನು ಹೇಳುವುದು ಮಾಂಸದ ತುಂಡು ಅನ್ನನಾಳದಲ್ಲಿ ಸಿಕ್ಕಿದಾಗ. ನೆದರ್‌ಲ್ಯಾಂಡ್ಸ್‌ನಲ್ಲಿ 51 ಜನರ ಮೇಲೆ ಅದನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ಕೋಲಾ ಕುಡಿದವರಲ್ಲೂ ಕಾದು ಕೂತವರಲ್ಲೂ 61 ಶೇಕಡಾ ಜನರಿಗೆ ಒಂದೇ ರೀತಿ ಗುಣ ಕಂಡಿತು. ಕೋಲಾದ ಉಪಕಾರ ಏನೂ ಇರಲಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ಊಟ ನಿಲ್ಲಿಸಿ. ಮೆಲ್ಲ ಕೆಮ್ಮಿ ನೋಡಿ, ಒಂದೆರಡು ಗುಟುಕು ನೀರು ಕುಡಿಯಿರಿ. ಯಾರಾದರೂ ಟಾರ್ಚ್ ಹಿಡಿದು ನೋಡಲಿ. ದೊಡ್ಡವರಲ್ಲಿ ಮುಳ್ಳಿನ ತುದಿ ಟಾನ್ಸಿಲಿನ ಮೇಲೆ ಕಣ್ಣಿಗೆ ನೇರ ಕಂಡರೆ ಮೊಂಡು ತುದಿಯ ಚಿಮಟದಿಂದ ಒಂದು ಸಲ ಪ್ರಯತ್ನಿಸಬಹುದು. ಕಾಣದ್ದಕ್ಕೆ ಬೆರಳು ಬೇಡ. ಮಕ್ಕಳಿಗೆ ಯಾವ ಪ್ರಯತ್ನವೂ ಬೇಡ, ಕರೆದುಕೊಂಡು ಬನ್ನಿ. ಸಣ್ಣಗೆ ಚುಚ್ಚುತ್ತಿದ್ದು, ಎಂಜಲು ಸಲೀಸಾಗಿ ಇಳಿಯುತ್ತಿದ್ದರೆ ರಾತ್ರಿ ಮಲಗಿ. ಬೆಳಿಗ್ಗೆ ನೋವು ಇಳಿಮುಖವಾಗಿದ್ದರೆ ಅದು ಹೆಚ್ಚಾಗಿ ಗೀರು. ಅಷ್ಟೇ ಇದ್ದರೆ ಅಥವಾ ಹೆಚ್ಚಿದರೆ ಅವತ್ತೇ ತೋರಿಸಬೇಕು, ಎರಡನೇ ರಾತ್ರಿ ಕಾಯಬಾರದು.

ಇವರು ಮಾತ್ರ ಬೆಳಗಾಗುವ ತನಕವೂ ಕಾಯಬಾರದು: ಎಂಜಲು ನುಂಗಲಾಗದೆ ಉಗುಳುತ್ತಿರುವವರು, ಉಸಿರು ಕಟ್ಟುವವರು, ಬಾಯಿಯಿಂದ ರಕ್ತ ಬರುವವರು, ಎದೆ ಅಥವಾ ಬೆನ್ನಿನ ನಡುವೆ ನೋವಿರುವವರು, ಜ್ವರ ಬಂದವರು, ಕುತ್ತಿಗೆ ಊದಿದವರು. ಊದಿದ ಚರ್ಮದ ಕೆಳಗೆ ಬೆರಳೊತ್ತಿದಾಗ ಚರಚರ ಎಂದರೆ ಅನ್ನನಾಳ ತೂತಾಗಿ ಗಾಳಿ ಸೋರಿದೆ ಎಂದರ್ಥ. ಮಾತೇ ಬರದೆ, ಕೆಮ್ಮಲೂ ಆಗದೆ ಒದ್ದಾಡುವವರದ್ದು ಉಸಿರುನಾಳದ ಕೇಸು. ಅಲ್ಲಿ ಡಾಕ್ಟರಿಗೆ ಕಾಯದೆ ಬೆನ್ನಿಗೆ ಐದು ಪೆಟ್ಟು, ಹೊಟ್ಟೆಗೆ ಐದು ಒತ್ತು, ಇವನ್ನು ಒಂದಾದ ಮೇಲೊಂದು ಮಾಡಬೇಕು. ಒಂದು ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತಬಾರದು, ಎದೆ ಒತ್ತಬೇಕು.

ಗಂಟಲಮಣಿಯ ಕೆಳಗಿನದ್ದಕ್ಕೆ ನಾನು ಕೈ ಹಾಕುವುದಿಲ್ಲ. ಅದೇ ಕಾರಣಕ್ಕೆ ನನ್ನ ಕುರ್ಚಿ ಇಷ್ಟು ವರ್ಷ ಸುರಕ್ಷಿತವಾಗಿದೆ. ಒಬ್ಬ ಅಜ್ಜನಿಗೆ ಕುರಿಮಾಂಸದ ಮೂಳೆ ಸಿಕ್ಕಿತ್ತು, ಎಂಜಲು ಟವಲ್ಲಿಗೆ ಸುರಿಯುತ್ತಿತ್ತು, ತೋರಿಸುವುದು ಎದೆಯ ಮೇಲ್ಭಾಗ. ಸ್ಪ್ರೇಯನ್ನೂ ಹೊಡೆಯದೆ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಸಿ.ಟಿ.ಯಲ್ಲಿ ಮೂಳೆ ಅನ್ನನಾಳದ ಬಾಯಲ್ಲೇ ಅಡ್ಡ ನಿಂತಿತ್ತು, ಮಂಪರು ಕೊಟ್ಟು ತೆಗೆದರು. ಎಕ್ಸ್-ರೇಗೆ ಕಾಣದ ಮುಳ್ಳೂ ಸಿ.ಟಿ.ಯಲ್ಲಿ ಹೆಚ್ಚಾಗಿ ಸಿಗುತ್ತದೆ. ನೋವು ಇಳಿಯದೆ ಇದ್ದು ಸ್ಕೋಪಿಗೆ ಏನೂ ಕಾಣದವರಿಗೂ ನಾನು ಬರೆಯುವುದು ಅದನ್ನೇ. ಮೂಳೆ ಇಲ್ಲದ ಮೆತ್ತನೆ ಮಾಂಸದ ತುಂಡೇ ಪದೇ ಪದೇ ಎದೆಯಲ್ಲಿ ನಿಲ್ಲುತ್ತದೆ ಎನ್ನುವವರಿಗೆ ತುಂಡು ಇಳಿದರೂ ಅನ್ನನಾಳದ ಎಂಡೋಸ್ಕೋಪಿ ಮಾಡಿಸಲೇಬೇಕು. ಹಾದಿ ಕಿರಿದಾಗಿರುತ್ತದೆ, ಕೆಲವೊಮ್ಮೆ ಗಡ್ಡೆ ಇರುತ್ತದೆ.

ಕಳಿಸುವಾಗ ಚೀಟಿಯಲ್ಲಿ ನಾಲ್ಕು ಸಾಲು ಬರೆಯುತ್ತೇನೆ: ಯಾವ ಮೀನು ಅಥವಾ ಮಾಂಸ, ಎಷ್ಟು ಗಂಟೆಗೆ ಸಿಕ್ಕಿತು, ಸ್ಪ್ರೇಗೆ ಮೊದಲು ಬೆರಳಿಟ್ಟ ಜಾಗ, ಕೊನೆಯ ತುತ್ತು ನುಂಗಿದ ಹೊತ್ತು. ಅತ್ತ ಅರಿವಳಿಕೆಯವರು ಮೊದಲು ಕೇಳುವುದು ಕೊನೆಯ ಸಾಲನ್ನೇ.