ಅಮೆರಿಕದ ಗೂಗಲ್ ವಾಯ್ಸ್ ನಂಬರ್ ತೆಗೆಯುವ ಮುನ್ನ

ನಮ್ಮ ಅಕ್ಕನ ಮಗ ಅಮೆರಿಕದ ನೌಕರಿ ಬಿಟ್ಟು ಹುಬ್ಬಳ್ಳಿಗೆ ಬಂದು ನೆಲೆಸಿದ್ದಾನೆ. ಅಲ್ಲಿದ್ದಾಗ ತೆಗೆದುಕೊಂಡ ಗೂಗಲ್ ವಾಯ್ಸ್ ನಂಬರ್, ಅಂದರೆ ಸಿಮ್ ಇಲ್ಲದೆ ಇಂಟರ್ನೆಟ್ ಮೂಲಕ ನಡೆಯುವ ಗೂಗಲ್ಲಿನ ಫೋನ್ ನಂಬರ್, ಇನ್ನೂ ಇದೆ. ವಿದ್ಯಾನಗರದ ಮನೆಯಲ್ಲಿ ಕೂತು, "ಮಾಮಾ, ಇದನ್ನ ತಗದ್ ಹಾಕ್ಲೇನ್ರಿ?" ಅಂದ. "ತಡಿಯೋ, ಮೊದ್ಲ ಆ ನಂಬರಿಗೆ ಯಾರ್ಯಾರು ಕೋಡ್ ಕಳಸ್ತಾರ ನೋಡೋಣ" ಅಂದೆ.

ಗೂಗಲ್ ವಾಯ್ಸ್ ತೆರೆದು ಮೆಸೇಜುಗಳಲ್ಲಿ `code` ಎಂದು ಹುಡುಕಿದೆವು. ಐದಾರು ಅಂಕಿಗಳಷ್ಟೇ ಇರುವ ಚಿಕ್ಕ ನಂಬರಿನಿಂದ ಬಂದ ಮೆಸೇಜುಗಳನ್ನು ಬಿಡದೆ ನೋಡಬೇಕು. ಕಂಪನಿಗಳು ಕೋಡ್ ಕಳಿಸುವುದು ಹೆಚ್ಚಾಗಿ ಅಂಥವುಗಳಿಂದಲೇ. ಮೂರು ಸಿಕ್ಕವು: ಅಲ್ಲಿನ ಬ್ಯಾಂಕು, ವಾಟ್ಸಾಪ್ ಮತ್ತು ಅವನದೇ ಗೂಗಲ್ ಖಾತೆ.

ಮೊದಲು ಬಿಡಿಸಿದ್ದು ಗೂಗಲ್ ಖಾತೆಯನ್ನು. ವಾಯ್ಸ್ ನಂಬರಿಗೆ ಬಂದ ಕೋಡ್ ಓದಲು ಅದೇ ಖಾತೆಯೊಳಗೆ ಹೋಗಬೇಕು. ಹೊಸ ಫೋನಿನಲ್ಲಿ ಒಳಗೆ ಹೋಗಲು ಆ ಕೋಡೇ ಬೇಕು. ಕೀಲಿಯನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ಖಾತೆಯ ಭದ್ರತಾ ಪುಟದಲ್ಲಿ ಇಲ್ಲಿನ ಮೊಬೈಲ್ ನಂಬರ್ ಸೇರಿಸಿ, ಹಳೆಯದನ್ನು ತೆಗೆದೆವು.

ವಾಟ್ಸಾಪಿನಲ್ಲಿ Settings, ಅದರಲ್ಲಿ Account, ಅದರಲ್ಲಿ Change number. ಇಲ್ಲಿ Delete account ಒತ್ತಬಾರದು, ಗುಂಪುಗಳೆಲ್ಲ ಹೋಗುತ್ತವೆ. ಹಳೆಯ ನಂಬರನ್ನು +1 ಜೊತೆ, ಹೊಸದನ್ನು +91 ಜೊತೆ ಬರೆದರೆ ಕೋಡ್ ಹೊಸ ನಂಬರಿಗೇ ಬರುತ್ತದೆ.

ಹೊತ್ತು ಹಿಡಿದದ್ದು ಬ್ಯಾಂಕು. ನಂಬರ್ ಬದಲಿಸಲು ಹೊರಟರೆ ಹಳೆಯ ನಂಬರಿಗೇ ಕೋಡ್ ಕಳಿಸಿತು. ಅಕಸ್ಮಾತ್ ಆ ನಂಬರನ್ನು ಮೊದಲೇ ತೆಗೆದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಕೋಡ್ ಹಾಕಿದ ಮೇಲೂ +91 ನಂಬರನ್ನು ಅದು ಒಪ್ಪಲಿಲ್ಲ. ಕಡೆಗೆ ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಜೋಡಿಸಿದೆವು. ನಿಮ್ಮ ಬ್ಯಾಂಕು ಅದನ್ನೂ ಒಪ್ಪದಿದ್ದರೆ ನಂಬರ್ ತೆಗೆಯಬೇಡಿ. 3 ಡಾಲರ್ ಕೊಟ್ಟು ಅನ್‌ಲಾಕ್ ಮಾಡಿಸಿ, ಅಮೆರಿಕದ ಬೇರೆ ಕಂಪನಿಗೆ ಪೋರ್ಟ್ ಮಾಡಿಕೊಳ್ಳಬಹುದು.

ಬದಲಿಸಿದ್ದೇವೆ ಎಂದು ನಂಬಿ ಕೂರಬಾರದು. ಬ್ಯಾಂಕಿನಿಂದ ಹೊರಬಂದು, ಇನ್ನೊಂದು ಬ್ರೌಸರಿನಲ್ಲಿ ಮತ್ತೆ ಒಳಹೋಗಿ ನೋಡಿದೆವು. ಆ್ಯಪಿನ ಆರಂಕಿ ಕೇಳಿತು, ವಾಯ್ಸ್ ನಂಬರಿಗೆ ಏನೂ ಬರಲಿಲ್ಲ. ಆಮೇಲೂ ಒಂದು ತಿಂಗಳು ಹಾಗೇ ಬಿಡಲು ಹೇಳಿದೆ. ವರ್ಷಕ್ಕೊಮ್ಮೆ ತೆರೆಯುವ ತೆರಿಗೆ, ವಿಮೆಯ ಖಾತೆಗಳು ಇಂಥ ಹುಡುಕಾಟದಲ್ಲಿ ತಪ್ಪಿಹೋಗುತ್ತವೆ. ಅವನಿಗೂ ಮೂರನೇ ವಾರದಲ್ಲಿ ವಿಮಾ ಕಂಪನಿಯ ಕೋಡ್ ಬಂತು, ಅದನ್ನೂ ಬದಲಿಸಿದ.

ಈಗ ತೆಗೆಯುವ ಕೆಲಸ. ಕಂಪ್ಯೂಟರಿನಲ್ಲಿ `voice.google.com` ತೆರೆದು, Settings ಒಳಗಿನ Account ಭಾಗದಲ್ಲಿ ನಂಬರಿನ ಪಕ್ಕದ Delete ಒತ್ತಿ ಖಚಿತಪಡಿಸಬೇಕು. ಕರೆ, ಮೆಸೇಜು ಆಗಲೇ ನಿಲ್ಲುತ್ತವೆ. ಏನಾದರೂ ಬಿಟ್ಟುಹೋಗಿದ್ದರೆ ಅದೇ ಖಾತೆಯಿಂದ 90 ದಿನದೊಳಗೆ ನಂಬರ್ ವಾಪಸು ಪಡೆಯಬಹುದು. ಆಮೇಲೆ ಅದು ಬೇರೆಯವರ ಪಾಲಾಗಬಹುದು; ಆಗ ಬಿಟ್ಟುಹೋದ ಖಾತೆಯ ಕೋಡೂ ಅವರಿಗೇ ಹೋಗುತ್ತದೆ. ಅಕ್ಕನ ಮಗ 80ನೇ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾನೆ, ಆ ದಿನ ಎಲ್ಲ ಖಾತೆಗಳನ್ನೂ ಮತ್ತೊಮ್ಮೆ ತೆರೆದು ನೋಡಲು.