ಪಿಚ್ ವರದಿ ಬರೆಯಲು ನಾನು ಮಣ್ಣಿನ ಗೋಲಿ ಒಡೆದ ಕಥೆ

ಲೀಗ್ ಪಂದ್ಯವೊಂದಕ್ಕೆ ‘ಕೆಮ್ಮಣ್ಣಿನ ಪಿಚ್, ಬೌನ್ಸ್ ಜಾಸ್ತಿ’ ಎಂದು ಬರೆದುಬಿಟ್ಟಿದ್ದೆ. ಚೆಂಡು ಇಡೀ ದಿನ ಮೊಣಕಾಲು ದಾಟಲಿಲ್ಲ. ಸಂಜೆ ಮೈದಾನ ನೋಡಿಕೊಳ್ಳುವ ಅಣ್ಣ ನಕ್ಕರು: ‘ಸಾರ್, ಕೆಂಪು ಮೇಲೆ ಉದುರಿಸಿದ್ದು. ಕೆಳಗೆ ಪೂರ್ತಿ ಎರೆಮಣ್ಣು.’

ಆಮೇಲೆ ಬಣ್ಣ ನೋಡಿ ಬರೆಯುವುದನ್ನು ಬಿಟ್ಟೆ. ಗಿಡದ ಕುಂಡಗಳ ತೇವ ಅಳೆಯುವ ಮೀಟರ್ ತಂದೆ; ಸಾವಿರದ ಎಂಟುನೂರೋ ಏನೋ ಕೊಟ್ಟ ನೆನಪು. ರೋಲರ್ ಓಡಿದ ಹಳೇ ಪಿಚ್‌ನಲ್ಲಿ ಚುಚ್ಚಿದರೆ ಕಡ್ಡಿಯೇ ಬಾಗಿತು. ‘ಮಣ್ಣು ನೋಡೋಕೆ ನೀನೇನು ರೈತನಾ?’ ಎಂದು ನಮ್ಮ ಸುದ್ದಿ ಡೆಸ್ಕ್‌ನವರು ವಾರಗಟ್ಟಲೆ ಕಾಡಿದರು.

ಕೊನೆಗೆ ಕೈಹಿಡಿದದ್ದು ಖರ್ಚಿಲ್ಲದ ದಾರಿ. ಪಿಚ್ ರಿಪೇರಿಗೆ ತಂದ ಮಣ್ಣಿನಲ್ಲಿ ಹಿಡಿಯಷ್ಟು ಕೇಳಿ ತಂದು, ಚಪಾತಿ ಹಿಟ್ಟಿನಂತೆ ನಾದಿ, ದೊಡ್ಡ ಗೋಲಿ ಮಾಡಿ ನೆರಳಲ್ಲಿ ಒಣಗಿಸಿದೆ. ತೂಕದ ಯಂತ್ರದ ಮೇಲಿಟ್ಟು ಹಲಗೆಯಿಂದ ಒತ್ತಿದೆ. ಎರೆಮಣ್ಣಿನದು ಎಪ್ಪತ್ತು ಕಿಲೋ ಹತ್ತಿರ ತಡೆಯಿತು, ಕೆಂಪಿನದು ಐವತ್ತಕ್ಕೇ ಪುಡಿ. ಮೊದಲ ನಾಲ್ಕು ಗೋಲಿ ಬಿಸಿಲಿಗಿಟ್ಟು ಸೀಳಿಸಿಕೊಂಡಿದ್ದೆ, ಅದು ಬೇರೆ ಮಾತು. ಜೇಡಿ ಹೆಚ್ಚಿದ್ದಷ್ಟೂ ಹಿಡಿತ ಗಟ್ಟಿ. ಎರೆಮಣ್ಣು ನೀರನ್ನು ಬೇಗ ಬಿಡದು, ಒಣಗಿದರೆ ದೊಡ್ಡ ಬಿರುಕು ಬಿಟ್ಟರೂ ಹೆಂಟೆ ಅಲುಗದು. ಚೆಂಡು ನಿಧಾನ, ತಗ್ಗಿ ಬರುತ್ತದೆ. ಕೆಮ್ಮಣ್ಣು ಬೇಗ ಒಣಗುತ್ತದೆ: ಮೊದಲು ಪುಟಿತ, ಆಮೇಲೆ ಮೇಲ್ಮೈ ಉದುರಿ ತಿರುವು. ಎರಡನ್ನೂ ಬೆರೆಸಿ ಒಂದು ಗೋಲಿ ಮಾಡಿದ್ದೆ, ಏನೂ ತಿಳಿಯಲಿಲ್ಲ.

ಆದರೆ ಗೋಲಿ ಮಣ್ಣಿನ ಸ್ವಭಾವ ಹೇಳುತ್ತದೆಯೇ ಹೊರತು ಆ ದಿನದ ತೇವವನ್ನಲ್ಲ. ಅದಕ್ಕೆ ಕೊನೆಯ ನೀರು ಯಾವತ್ತು, ಕವರ್ ಎಷ್ಟು ಹೊತ್ತು ಎಂದು ಕೇಳಲೇಬೇಕು. ಉತ್ತರ ಹೊರಡಿಸುವ ಉಪಾಯ ನನಗಿದೆ, ಇಲ್ಲಿ ಹೇಳಲಾರೆ.

2024ರ ಅಕ್ಟೋಬರ್, ಚಿನ್ನಸ್ವಾಮಿ, ನ್ಯೂಜಿಲೆಂಡ್ ಟೆಸ್ಟ್. ಮೊದಲ ದಿನ ಪೂರ್ತಿ ಮಳೆ, ಪಿಚ್ ಕವರ್ ಕೆಳಗೆ. ಮರುದಿನ ಮೋಡದಡಿ ಟಾಸ್ ಗೆದ್ದು ಬ್ಯಾಟ್ ಹಿಡಿದ ಭಾರತ 46ಕ್ಕೆ ಆಲೌಟ್. ಅವರ ವೇಗಿಗಳಾದ ಹೆನ್ರಿಗೆ ಐದು, ಓರೂರ್ಕ್‌ಗೆ ನಾಲ್ಕು ವಿಕೆಟ್. ಡೆಸ್ಕ್‌ಗೆ ‘ಪಿಚ್ ಕೈಕೊಟ್ಟಿತು’ ಎಂಬ ತಲೆಬರಹ ಬೇಕಿತ್ತು. ನಾನು ಒಪ್ಪಲಿಲ್ಲ. ಸ್ಪಿನ್ ಆಗಿ ಅಲ್ಲ, ಮೇಲ್ಪದರದ ತೇವದಲ್ಲಿ ಸೀಮ್ ಕಚ್ಚಿ ಚೆಂಡು ಅತ್ತಿತ್ತ ಹೋಗಿದೆ ಎಂದು ಬರೆದೆ. ‘ಮತ್ತೆ ಅದೇ ಸಂಜೆ ನ್ಯೂಜಿಲೆಂಡ್‌ನವರು 3 ವಿಕೆಟ್‌ಗೆ 180 ಹೇಗೆ?’ ಎಂದು ಕೇಳಿದರು. ತೇವ ಆರುತ್ತಾ ಹೋಯಿತು, ನಮ್ಮವರ ಹೊಡೆತಗಳ ಆಯ್ಕೆಯೂ ಕೆಟ್ಟಿತ್ತು, ಎರಡನ್ನೂ ಹಾಕಿ ಎಂದೆ. ಗೊಣಗಿಕೊಂಡೇ ಹಾಕಿದರು.

ಎರಡನೇ ಇನಿಂಗ್ಸ್‌ನಲ್ಲಿ ಅದೇ ಮಣ್ಣಿನ ಮೇಲೆ ಭಾರತ 462 ಬಾರಿಸಿತು, ಸರ್ಫರಾಜ್ 150. ಪಂದ್ಯ ಸೋತೆವು ನಿಜ, ಆದರೆ ಅಂದಿನಿಂದ ನನ್ನ ಪಿಚ್ ವಾಕ್ಯಕ್ಕೆ ಯಾರೂ ಕತ್ತರಿ ಹಾಕಿಲ್ಲ. ಬಾಗಿದ ಆ ಮೀಟರ್ ಈಗ ಮನೆಯ ತುಳಸಿ ಕುಂಡದಲ್ಲಿದೆ.